ಇನ್‌ಸ್ಕ್ರಿಪ್ಟ್‌ನಲ್ಲಿ ‘ಮತ್ತು’ ಹಗುರ, ‘ಅನ್ನು’ ಭಾರ

ಕನ್ನಡದಲ್ಲಿ ದಿನವಿಡೀ ಟೈಪ್ ಮಾಡುವವರು ತಮ್ಮ ಎಡಗೈ ತೋರುಬೆರಳನ್ನು ಒಮ್ಮೆ ಗಮನಿಸಬೇಕು. ನುಡಿ ತಂತ್ರಾಂಶದಿಂದ ನಮಗೆಲ್ಲ ರೂಢಿಯಾಗಿರುವ ಧ್ವನ್ಯಾತ್ಮಕ ವಿನ್ಯಾಸದಲ್ಲಿ ‘ಮತ್ತು’ ಬರೆಯಲು m t f t u ಒತ್ತುತ್ತೇವೆ. ನಡುವಿನ t f t ಮೂರೂ ಒಂದೇ ಬೆರಳಿನ ಪಾಲು. ‘ಹಗ್ಗ’ದ g f g, ‘ಹಬ್ಬ’ದ b f b, ‘ಪತ್ರ’ದ t f r, ‘ಅರ್ಥ’ದ r f T, ಇವೆಲ್ಲ ಅದೇ ಬೆರಳಿಗೆ ಬರುತ್ತವೆ. ಒತ್ತಕ್ಷರ ಕೂಡಿಸುವ ಕೀಲಿ f ಆಗಿರುವುದರಿಂದಲೂ ತ, ಗ, ಬ, ರ, ವ ಎಲ್ಲ ಅದರ ಸುತ್ತಲೇ ಕೂತಿರುವುದರಿಂದಲೂ ಹೀಗಾಗುತ್ತದೆ. ಪುಟಕ್ಕೆ ಇಂಥ ಒತ್ತಕ್ಷರಗಳು ಎಷ್ಟು ಬರುತ್ತವೆ ಎಂಬುದನ್ನು ಯಾವ ಪುಸ್ತಕ ತೆರೆದರೂ ಕಾಣಬಹುದು.

ನಾನು ಕೈಬರಹದ ಹಸ್ತಪ್ರತಿಗಳನ್ನು ಟೈಪ್ ಮಾಡಿಕೊಡುವ ಕೆಲಸದಲ್ಲಿದ್ದೇನೆ. ಸಂಜೆಯ ಹೊತ್ತಿಗೆ ಆ ಒಂದು ಬೆರಳು ಮಾತ್ರ ಬಿಗಿಯುತ್ತಿತ್ತು. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕೀಲಿಮಣೆ ವಿನ್ಯಾಸದ ಕಡೆ ತಿರುಗಿದ್ದಕ್ಕೆ ಅದೊಂದು ಕಾರಣ. ಹೊರಗಿನ ತಂತ್ರಾಂಶ ಹಾಕಲು ಬಿಡದ ಕಂಪ್ಯೂಟರ್‌ಗಳಲ್ಲಿ ಕೂತು ಕೆಲಸ ಮಾಡಬೇಕಾಗಿ ಬಂದದ್ದು ಇನ್ನೊಂದು ಕಾರಣ. ವಿಂಡೋಸ್‌ನಲ್ಲಾಗಲಿ ಲಿನಕ್ಸ್‌ನಲ್ಲಾಗಲಿ ಕನ್ನಡದ ಇನ್‌ಸ್ಕ್ರಿಪ್ಟ್ ಕೀಲಿಮಣೆ ವ್ಯವಸ್ಥೆಯ ಜೊತೆಗೇ ಬಂದಿರುತ್ತದೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಸೇರಿಸಿಕೊಂಡರೆ ಆಯಿತು. ಲಿನಕ್ಸ್‌ನಲ್ಲಿ ಎಕ್ಸ್ ವಿಂಡೋ ಬಳಸುವವರಿಗೆ ಈ ಒಂದು ಸಾಲು ಸಾಕು. ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದಾಗ ಇಂಗ್ಲಿಷ್ ಹೋಗಿ ಕನ್ನಡ ಬರುತ್ತದೆ:

```
setxkbmap -layout us,in -variant ,kan -option grp:alt_shift_toggle
```

ಹಾಕಿಕೊಳ್ಳುವುದು ಇಷ್ಟೇ. ಕಲಿಯುವುದು ಬೇರೆ ಮಾತು. ಮೊದಲ ದಿನ ಕೀಲಿಮಣೆಯ ಚಿತ್ರ ಮುಂದಿಟ್ಟುಕೊಂಡು ಒಂದೊಂದೇ ಅಕ್ಷರ ಹುಡುಕುತ್ತಿದ್ದೆ. ಪಕ್ಕದಲ್ಲಿ ಕೂರುವ ಹಿರಿಯ ಡಿಟಿಪಿ ಅಕ್ಕ ಸ್ವಲ್ಪ ಹೊತ್ತು ನೋಡಿ, “ಹಿಂಗೆ ಅಕ್ಷರ ಹುಡುಕಿದ್ರೆ ವರ್ಷ ಆದ್ರೂ ಬರಲ್ಲಪ್ಪ, ವರ್ಗ ಹುಡುಕು” ಎಂದರು. “ವರ್ಗ ಅಂದ್ರೆ ಏನಕ್ಕಾ?” ಎಂದು ಕೇಳಿದೆ. ಕೀಲಿಮಣೆಯ ಬಲಭಾಗದ ಮೇಲೆ ಬೆರಳಾಡಿಸುತ್ತ, “ಕ ಇಲ್ಲಿದೆಯಲ್ಲ, ಅದರ ಮೇಲೇ ಗ. ತ ಇಲ್ಲಿ, ಮೇಲೆ ದ. ಚ ಇಲ್ಲಿ, ಮೇಲೆ ಜ. ಶಿಫ್ಟ್ ಹಿಡಿದ್ರೆ ಅದೇ ಕೀಲಿ ಮಹಾಪ್ರಾಣ. ಶಾಲೇಲಿ ಕಲ್ತಿದ್ದೇ ಅಲ್ವಾ?” ಎಂದರು. ಅವರು ಅಂದದ್ದನ್ನು ನಾನು ಕೀಲಿ ಹಿಡಿದು ಬಿಡಿಸಿ ನೋಡಿದೆ.

ಬಲಗೈ ಬೆರಳುಗಳು ಕೂರುವ ನಡುಸಾಲಿನಲ್ಲಿ h j k l ; ' ಕೀಲಿಗಳು ಕ್ರಮವಾಗಿ ಪ ರ ಕ ತ ಚ ಟ. ರ ಒಂದನ್ನು ಬಿಟ್ಟರೆ ಉಳಿದ ಐದೂ ವರ್ಗಗಳ ಮೊದಲ ಅಕ್ಷರಗಳು. ಮೇಲಿನ ಸಾಲಿನ y i o p [ ಕೀಲಿಗಳಲ್ಲಿ ಬ ಗ ದ ಜ ಡ ಇವೆ, ಅಂದರೆ ಅವೇ ವರ್ಗಗಳ ಮೂರನೆಯ ಅಕ್ಷರಗಳು. ಕ ಒತ್ತುವ ಬೆರಳೇ ಒಂದು ಸಾಲು ಮೇಲೆ ಹೋದರೆ ಗ, ಚ ಒತ್ತುವ ಬೆರಳು ಮೇಲೆ ಹೋದರೆ ಜ. ಇವಕ್ಕೆ ಶಿಫ್ಟ್ ಸೇರಿಸಿದರೆ ಖ ಘ, ಥ ಧ, ಛ ಝ, ಠ ಢ, ಫ ಭ. ಹೀಗೆ ಹತ್ತು ಕೀಲಿಗಳಲ್ಲಿ ಇಪ್ಪತ್ತು ವರ್ಗೀಯ ವ್ಯಂಜನಗಳು ಮುಗಿಯುತ್ತವೆ. ಈ ಇಪ್ಪತ್ತಕ್ಕೆ ನಾನು ಬೇರೆ ಬಾಯಿಪಾಠ ಮಾಡಬೇಕಾಗಲಿಲ್ಲ. ಐದು ವರ್ಗಗಳು ಯಾವ ಬೆರಳಿನ ಕೆಳಗಿವೆ ಎಂದು ಗೊತ್ತಾದರೆ ಉಳಿದದ್ದು ತಾನೇ ಬರುತ್ತದೆ.

ಎಡಗೈ ಕಡೆ ಸ್ವರಗಳಿವೆ. ಅಲ್ಲೂ ಇಂಥದೇ ಜೋಡಿ. f ಒತ್ತಿದರೆ ಇಕಾರದ ಗುಡಿಸು, ಅದರ ಮೇಲಿನ r ದೀರ್ಘ ಈಕಾರ. g ಉಕಾರ, ಮೇಲಿನ t ಊಕಾರ. s ಏಕಾರ, ಮೇಲಿನ w ಐಕಾರ. a ಓಕಾರ, ಮೇಲಿನ q ಔಕಾರ. ನಡುಬೆರಳಿನ d ಒತ್ತಕ್ಷರ ಕೂಡಿಸುವ ಹಲಂತ ಚಿಹ್ನೆ, ಅದರ ಮೇಲಿನ e ಆಕಾರ. ಶಿಫ್ಟ್ ಹಿಡಿದು ಒತ್ತಿದರೆ ಅವೇ ಕೀಲಿಗಳಿಂದ ಬಿಡಿ ಸ್ವರಗಳು ಬರುತ್ತವೆ: ಶಿಫ್ಟ್ f ಇ, ಶಿಫ್ಟ್ r ಈ. ಹಲಂತದ ಕೀಲಿಗೆ ಶಿಫ್ಟ್ ಸೇರಿದರೆ ಅ. ಈ ಏರ್ಪಾಡು ನನಗೆ ತುಂಬ ಹಿಡಿಸಿತು. ವ್ಯಂಜನದಿಂದ ಅಕಾರವನ್ನು ತೆಗೆಯುವ ಚಿಹ್ನೆಯೂ ಬಿಡಿಯಾಗಿ ನಿಲ್ಲುವ ಅಕಾರವೂ ಒಂದೇ ಮನೆಯಲ್ಲಿವೆ.

ಈ ವಿನ್ಯಾಸದ ಇತಿಹಾಸ ಸ್ವಲ್ಪ ತಿಳಿದಿದ್ದರೆ ಅದರ ಗುಣವೂ ದೋಷವೂ ಅರ್ಥವಾಗುತ್ತವೆ. ಇದು ಕನ್ನಡಕ್ಕೆಂದೇ ಹುಟ್ಟಿದ್ದಲ್ಲ. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಭಾರತದ ಲಿಪಿಗಳಿಗೆಲ್ಲ ಒಂದೇ ಕೀಲಿಮಣೆ ಇರಲಿ ಎಂದು ಗೊತ್ತುಮಾಡಿದ್ದು. ಮುಂದೆ 1991ರ ಐಎಸ್ 13194 ಮಾನಕದಲ್ಲೂ ಸೇರಿತು. ನಮ್ಮ ಲಿಪಿಗಳ ವರ್ಣಮಾಲೆ ಬಹುಮಟ್ಟಿಗೆ ಒಂದೇ ಆದ್ದರಿಂದ ದೇವನಾಗರಿಯ ಕ ಎಲ್ಲಿದೆಯೋ ಕನ್ನಡದ ಕ, ತೆಲುಗಿನ ಕ ಕೂಡ ಅಲ್ಲೇ. ‘ತೆಲುಗು’ ಎಂಬ ಪದಕ್ಕೆ l z n g i g ಒತ್ತಬೇಕು. ಕೀಲಿಮಣೆಯನ್ನು ಕನ್ನಡದಿಂದ ತೆಲುಗಿಗೆ ಬದಲಿಸಿ ಅವೇ ಆರು ಕೀಲಿ ಒತ್ತಿದರೆ ತೆಲುಗು ಲಿಪಿಯಲ್ಲಿ ಅದೇ ಪದ ಮೂಡುತ್ತದೆ. ಧ್ವನ್ಯಾತ್ಮಕ ವಿನ್ಯಾಸದ ಹಾದಿ ಬೇರೆ. ಅದು ಕೆ.ಪಿ. ರಾವ್ ಅವರು ಕನ್ನಡಕ್ಕಾಗಿ ರೂಪಿಸಿದ್ದು. ಇಂಗ್ಲಿಷ್ ಕೀಲಿಮಣೆ ಬಲ್ಲವರಿಗೆ k ಒತ್ತಿದರೆ ಕ, m ಒತ್ತಿದರೆ ಮ ಸಿಗಬೇಕೆಂಬುದು ಅದರ ತತ್ವ. ಕನ್ನಡ ಗಣಕ ಪರಿಷತ್ತಿನ ನುಡಿಯ ಮೂಲಕ ಅದು ನಾಡಿನ ಕಚೇರಿಗಳಿಗೆಲ್ಲ ಹಬ್ಬಿತು.

ಅಭ್ಯಾಸವನ್ನು ನಡುಸಾಲಿನಿಂದಲೇ ಶುರುಮಾಡಿದೆ. ಅಲ್ಲಿನ ಕೀಲಿಗಳಿಂದಲೇ ಆಗುವ ಪದಗಳು ಸಾಕಷ್ಟಿವೆ. ‘ಕುರಿ’ k g j f, ‘ಚಕ್ರ’ ; k d j, ‘ಟೋಪಿ’ ' a h f, ‘ಕತ್ತರಿ’ k l d l j f, ‘ತಿರುಪತಿ’ l f j g h l f. ‘ಕತ್ತರಿ’ಯನ್ನು ಬೆರಳಿಟ್ಟು ನೋಡಿ. ತ ಬಲಗೈಗೆ, ಹಲಂತ ಎಡಗೈಗೆ, ಮತ್ತೆ ತ ಬಲಗೈಗೆ. ಒಂದು ಕೈ ಒತ್ತುವಷ್ಟರಲ್ಲಿ ಇನ್ನೊಂದು ಕೈ ಮುಂದಿನ ಕೀಲಿಯ ಮೇಲೆ ಸಿದ್ಧವಾಗಿರುತ್ತದೆ. ಮಗ್ಗದಲ್ಲಿ ಲಾಳಿ ಆ ಕಡೆಯಿಂದ ಈ ಕಡೆಗೆ ಓಡಾಡುವ ಹಾಗೆ ಒತ್ತಡ ಎಡಕ್ಕೂ ಬಲಕ್ಕೂ ಹರಿಯುತ್ತದೆ. ನಮ್ಮ ಬರಹದಲ್ಲಿ ವ್ಯಂಜನದ ಹಿಂದೆ ಸ್ವರವೋ ಹಲಂತವೋ ಬರುತ್ತಲೇ ಇರುವುದರಿಂದ, ಸ್ವರಗಳನ್ನು ಒಂದು ಕೈಗೂ ವ್ಯಂಜನಗಳನ್ನು ಇನ್ನೊಂದು ಕೈಗೂ ಹಂಚಿದರೆ ಕೈಗಳು ತಾವಾಗಿ ಸರದಿ ಹಿಡಿಯುತ್ತವೆ. ವಿನ್ಯಾಸ ಮಾಡಿದವರು ನೆಚ್ಚಿಕೊಂಡದ್ದು ಇದನ್ನೇ.

ಇದರಿಂದ ಒತ್ತುವ ಕೀಲಿಗಳು ಕಡಿಮೆಯಾಗುತ್ತವೆ ಎಂದು ಕೆಲವರು ಹೇಳುತ್ತಾರೆ. ಎಣಿಸಿ ನೋಡಿದರೆ ಹಾಗಿಲ್ಲ. ‘ಮತ್ತೆ ಹತ್ತಿ ಬಿತ್ತಿದರು’ ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಮೊದಲ ಸಾಲು ಇನ್‌ಸ್ಕ್ರಿಪ್ಟ್, ಎರಡನೆಯದು ನುಡಿಯ ಧ್ವನ್ಯಾತ್ಮಕ ವಿನ್ಯಾಸ, ಮೂರನೆಯದು ಇಂಗ್ಲಿಷಿನಲ್ಲಿ ಉಚ್ಚಾರ ಬರೆದಂತೆ ಒತ್ತುವ ಲಿಪ್ಯಂತರಣ:

```
cldlz uldlf yfldlfojg
mtfte htfti bitftidru
matte hatti bittidaru
```

ಮೂರರಲ್ಲೂ ಪದಕ್ಕೆ ಐದು, ಐದು, ಒಂಬತ್ತು ಕೀಲಿಗಳೇ. ಇನ್‌ಸ್ಕ್ರಿಪ್ಟ್‌ನಲ್ಲೂ ನುಡಿಯಲ್ಲೂ ಒಂದು ಚಿಹ್ನೆಗೆ ಒಂದು ಕೀಲಿ ಎಂಬ ಲೆಕ್ಕವೇ ಇರುವುದರಿಂದ ಅವೆರಡೂ ಹೆಚ್ಚುಕಡಿಮೆ ಯಾವಾಗಲೂ ಸಮ. ಲಿಪ್ಯಂತರಣ ಸೋಲುವುದು ಅಕಾರ ತುಂಬಿದ ಪದಗಳಲ್ಲಿ. ‘ನಗರದ’ ಬರೆಯಲು ಇನ್‌ಸ್ಕ್ರಿಪ್ಟ್‌ಗೆ v i j o, ನುಡಿಗೆ n g r d, ಎರಡಕ್ಕೂ ನಾಲ್ಕೇ ಕೀಲಿ. ಲಿಪ್ಯಂತರಣದಲ್ಲಿ ಪ್ರತಿ ಅಕಾರಕ್ಕೂ a ಒತ್ತಬೇಕಾಗಿ ಎಂಟಾಗುತ್ತದೆ. ಹಾಗಾದರೆ ಇನ್‌ಸ್ಕ್ರಿಪ್ಟ್ ಮತ್ತು ನುಡಿಯ ನಡುವೆ ವ್ಯತ್ಯಾಸ ಎಲ್ಲಿದೆ ಅಂದರೆ, ಆ ಕೀಲಿಗಳು ಯಾವ ಬೆರಳಿಗೆ ಬೀಳುತ್ತವೆ ಎಂಬುದರಲ್ಲಿ. ಮೇಲಿನ ‘ಬಿತ್ತಿದರು’ವಿನಲ್ಲಿ ನುಡಿಯ t f t ಎಡಗೈಯ ಒಂದೇ ಬೆರಳಿನ ಕುಣಿತ. ಇನ್‌ಸ್ಕ್ರಿಪ್ಟ್‌ನ l d l ಎರಡು ಕೈಗಳಿಗೆ ಹಂಚಿದ್ದು.

ಶಿಫ್ಟ್ ವಿಷಯದಲ್ಲೂ ಎರಡಕ್ಕೂ ಬೇರೆ ಬೇರೆ ರೀತಿ. ನುಡಿಯಲ್ಲಿ ದೀರ್ಘ ಸ್ವರ ಬಂದಾಗಲೆಲ್ಲ ಶಿಫ್ಟ್ ಬೇಕು. ‘ಕಾಡು’ ಎಂದರೆ k A w u. ಇನ್‌ಸ್ಕ್ರಿಪ್ಟ್‌ನಲ್ಲಿ k e [ g, ಶಿಫ್ಟ್ ಇಲ್ಲ. ಆದರೆ ಪದದ ಮೊದಲಲ್ಲಿ ಸ್ವರ ಬಂದರೆ ಇನ್‌ಸ್ಕ್ರಿಪ್ಟ್ ಶಿಫ್ಟ್ ಕೇಳುತ್ತದೆ. ನುಡಿಯಲ್ಲಿ ಅದೇ i ಪದದ ಮೊದಲಲ್ಲಿ ಇ ಆಗಿ, ವ್ಯಂಜನದ ಮುಂದೆ ಗುಡಿಸಾಗಿ ತಾನೇ ರೂಪ ಬದಲಿಸುತ್ತದೆ. ಇನ್‌ಸ್ಕ್ರಿಪ್ಟ್ ಹಾಗೆ ಊಹಿಸುವುದಿಲ್ಲ, ಹೇಳಿದ್ದನ್ನಷ್ಟೇ ಮಾಡುತ್ತದೆ. ಶಿಫ್ಟ್ ಬಿಟ್ಟುಹೋದರೆ ಪದದ ಮೊದಲಲ್ಲಿ ಚುಕ್ಕೆಗಳ ವೃತ್ತವೊಂದು ಮೂಡಿ ಅದಕ್ಕೆ ಗುಡಿಸು ಅಂಟಿಕೊಂಡಿರುತ್ತದೆ. ಇದು ಒಳ್ಳೆಯ ಸೂಚನೆ, ತಪ್ಪು ಕಣ್ಣಿಗೆ ಹೊಡೆಯುತ್ತದೆ. ಬೇಡದ ಕಡೆ ಶಿಫ್ಟ್ ಬಿದ್ದರೆ ‘ಕಿ’ ಬದಲು ‘ಕಇ’ ಬರುತ್ತದೆ, ಅದನ್ನೂ ಕಣ್ಣು ತಪ್ಪಿಸಿಕೊಳ್ಳುವುದಿಲ್ಲ.

ಕಣ್ಣಿಗೆ ಬೀಳದ ತಪ್ಪುಗಳೇ ಅಪಾಯ. ಅವು ಹುಟ್ಟುವುದು ಒಂದು ವಿನ್ಯಾಸದಿಂದ ಇನ್ನೊಂದಕ್ಕೆ ಹೊರಳುವ ದಿನಗಳಲ್ಲಿ. ಎರಡೂ ವಿನ್ಯಾಸಗಳಲ್ಲಿ ಒಂದೇ ಕಡೆ ಇರುವ ಅಕ್ಷರಗಳು ಕ ಮತ್ತು ಖ ಮಾತ್ರ. ಉಳಿದವು ಕೆಲವು ಸರಪಳಿಯಂತೆ ಜರುಗಿವೆ. ನುಡಿಯ ಅಭ್ಯಾಸದಲ್ಲಿ ನ ಬೇಕೆಂದು n ಒತ್ತಿದರೆ ಇಲ್ಲಿ ಲ ಬರುತ್ತದೆ. ನ ಇರುವುದು v ಮೇಲೆ. ಆ v ಅಲ್ಲಿ ವ ಆಗಿತ್ತು. ಈಗ ವ ಹೋಗಿ b ಮೇಲೆ ಕೂತಿದೆ. ಆ b ಅಲ್ಲಿ ಬ ಆಗಿತ್ತು, ಈಗ ಬ y ಮೇಲಿದೆ. y ಅಲ್ಲಿ ಯ, ಈಗ ಯ ಬಲತುದಿಯ ಓರೆಗೆರೆಯ ಕೀಲಿಯ ಮೇಲಿದೆ. ಬೆರಳು ಹಳೆಯ ದಾರಿಯಲ್ಲಿ ಹೋಗಿ ‘ಮನ’ ಎಂದು m n ಒತ್ತಿದರೆ ಪರದೆಯ ಮೇಲೆ ಬರುವುದು ‘ಸಲ’. ಅದೂ ಕನ್ನಡದ ಪದವೇ. ಕಾಗುಣಿತ ಪರೀಕ್ಷಕ ಅದನ್ನು ಹಿಡಿಯುವುದಿಲ್ಲ, ಮೂಲದ ಪಕ್ಕದಲ್ಲಿಟ್ಟು ಓದಿದಾಗಲೇ ಗೊತ್ತಾಗಬೇಕು.

ಎಲ್ಲಕ್ಕಿಂತ ಹಟಮಾರಿಯಾಗಿ ಉಳಿದದ್ದು d ಮತ್ತು f ಗೊಂದಲ. ನುಡಿಯಲ್ಲಿ ಒತ್ತು ಕೂಡಿಸುವ ಕೀಲಿ f. ಇಲ್ಲಿ ಅದರ ಪಕ್ಕದ d, ಮತ್ತು f ಇಕಾರ. ಒಂದೇ ಕೀಲಿಯಷ್ಟು ಪಕ್ಕಕ್ಕೆ ಸರಿದಿರುವುದರಿಂದ ಬೆರಳಿಗೆ ಬೇರೆ ಜಾಗ ಎಂದು ಅನ್ನಿಸುವುದೇ ಇಲ್ಲ. ‘ಮತ್ತು’ ಹೋಗಿ ‘ಮತಿತು’ ಆಗುತ್ತದೆ. ದೂರದ ಕೀಲಿಗಳೆಲ್ಲ ಬೇಗ ಪಳಗಿದವು, ಹತ್ತಿರದ ಈ ಎರಡು ಮಾತ್ರ ತಿಂಗಳುಗಟ್ಟಲೆ ಕಾಡಿದವು. ಇದಕ್ಕೆ ಉಪಾಯವಾಗಿ ಒತ್ತಕ್ಷರದ ಮುಂದೆ ಇಕಾರ ಬರುವ ಪದಗಳನ್ನೇ ಆಯ್ದು ಅಭ್ಯಾಸ ಮಾಡಿದೆ: ‘ಹತ್ತಿ’ u l d l f, ‘ಕತ್ತಿ’ k l d l f, ‘ಅಲ್ಲಿ’ಯ n d n f. d ಮತ್ತು f ಎರಡೂ ಒಂದೇ ಪದದಲ್ಲಿ ಎದುರುಬದುರಾದಾಗ ನಡುಬೆರಳು ಒತ್ತಿಗೆ, ತೋರುಬೆರಳು ಗುಡಿಸಿಗೆ ಎಂಬ ಭೇದ ನಿಧಾನವಾಗಿ ಕೈಗೆ ಹತ್ತಿತು. ಎಷ್ಟೇ ಬಿಡಿ ಅಕ್ಷರಗಳನ್ನು ತಿದ್ದಿದರೂ ಅದು ಬರುವುದಿಲ್ಲ.

ಕೈ ಪಳಗಿದ ಮೇಲೆ ಇನ್‌ಸ್ಕ್ರಿಪ್ಟ್‌ನ ದುರ್ಬಲ ಜಾಗವೂ ಗೊತ್ತಾಯಿತು. ವ್ಯಂಜನಗಳೆಲ್ಲ ಬಲಗೈಗೆ ಎಂದು ಹೇಳುವುದು ಪೂರ್ತಿ ನಿಜವಲ್ಲ. ಬಲಗಡೆ ಜಾಗ ಸಾಲದೆ ಮೂರು ವ್ಯಂಜನಗಳನ್ನು ಎಡಗಡೆಯ ಕೆಳಸಾಲಿಗೆ ಇಳಿಸಿದ್ದಾರೆ. c ಮೇಲೆ ಮ, v ಮೇಲೆ ನ, b ಮೇಲೆ ವ. ಶಿಫ್ಟ್ c ಒತ್ತಿದರೆ ಣ. ಕನ್ನಡದಲ್ಲಿ ಮ, ನ, ವ ಮೂರೂ ಹೆಜ್ಜೆಹೆಜ್ಜೆಗೂ ಬರುವ ಅಕ್ಷರಗಳು. ಅವುಗಳ ಹಿಂದೆ ಬರುವ ಸ್ವರವೂ ಎಡಗೈಯದೇ. ಸರದಿ ಅಲ್ಲಿ ಮುರಿಯುತ್ತದೆ.

ದ್ವಿತೀಯಾ ವಿಭಕ್ತಿಯನ್ನೇ ನೋಡಿ. ‘ಪುಸ್ತಕವನ್ನು’ ಎಂಬ ಪದಕ್ಕೆ h g m d l k b v d v g. ‘ಪುಸ್ತಕ’ದವರೆಗೆ ಎರಡೂ ಕೈ ಕೆಲಸ ಮಾಡುತ್ತವೆ. ‘ವನ್ನು’ ಬಂದೊಡನೆ b v d v g ಐದೂ ಎಡಗೈಗೆ ಬೀಳುತ್ತವೆ, ಅದರಲ್ಲೂ d ಒಂದನ್ನು ಬಿಟ್ಟು ನಾಲ್ಕು ತೋರುಬೆರಳಿಗೆ. ನುಡಿಯಲ್ಲಿ ಇದೇ ‘ವನ್ನು’ v n f n u, ಎಡ ಬಲ ಎಡ ಬಲ ಬಲ. ಅಂದರೆ ‘ಮತ್ತು’ವಿನಲ್ಲಿ ನುಡಿ ಪಟ್ಟ ಪಾಡನ್ನೇ ‘ಅನ್ನು’ವಿನಲ್ಲಿ ಇನ್‌ಸ್ಕ್ರಿಪ್ಟ್ ಪಡುತ್ತದೆ. ‘ಅಮ್ಮ’ ಇನ್ನೂ ಕಷ್ಟ. ಶಿಫ್ಟ್ d, ಆಮೇಲೆ c d c. ನಾಲ್ಕೂ ಎಡಗೈಯ ನಡುಬೆರಳೇ. ‘ನಮ್ಮ’, ‘ತಮ್ಮ’, ‘ಒಮ್ಮೆ’ಗಳಲ್ಲೂ ಈ c d c ಇದ್ದೇ ಇದೆ. ‘ಮಾಡು’ವಿನಲ್ಲಿ ನಡುಬೆರಳು ಕೆಳಸಾಲಿನ c ಇಂದ ನಡುಸಾಲು ದಾಟಿ ಮೇಲ್ಸಾಲಿನ e ಗೆ ನೆಗೆಯಬೇಕು. ಮಾಡುವ, ಮಾಡಿದ, ಮಾಡುತ್ತಾರೆ ಎಂದು ಪುಟದ ತುಂಬ ಬರುವ ಕ್ರಿಯಾಪದ ಅದು.

ಇದಕ್ಕೆ ನಾನು ಕಂಡುಕೊಂಡ ದಾರಿ ಪೂರ್ತಿ ಪರಿಹಾರವಲ್ಲ, ಆದರೂ ಭಾರ ಇಳಿಸುತ್ತದೆ. ಟೈಪಿಂಗ್ ಪಾಠದಲ್ಲಿ b ಎಡಗೈ ತೋರುಬೆರಳಿನದು ಎಂದು ಕಲಿಸುತ್ತಾರೆ. ಆದರೆ ಅದು ಎರಡು ಕೈಗಳ ಗಡಿಯಲ್ಲಿದೆ. ನಾನು ಅದನ್ನು ಬಲಗೈ ತೋರುಬೆರಳಿಗೆ ಕೊಟ್ಟೆ. ‘ವಿ’, ‘ವು’, ‘ವೆ’ಗಳಲ್ಲಿ ಸರದಿ ಮತ್ತೆ ಕೂಡಿಕೊಂಡಿತು. ‘ವನ್ನು’ವಿನಲ್ಲಿ ಎಡಗೈಗೆ ಒಂದು ಕೀಲಿ ಕಡಿಮೆಯಾಯಿತು. c d c ಗೆ ಮಾತ್ರ ಬೆರಳು ಬದಲಿಸಿದೆ: c ಗೆ ತೋರುಬೆರಳು, d ಗೆ ನಡುಬೆರಳು. ಅಂಗೈ ತುಸು ಎಡಕ್ಕೆ ವಾಲುತ್ತದೆ, ಆದರೆ ಒಂದೇ ಬೆರಳು ಮೂರು ಸಲ ಹಾರುವುದು ತಪ್ಪುತ್ತದೆ. ಕೀಲಿಮಣೆ ಬಲ್ಲ ಗುರುಗಳು ಇದನ್ನು ಒಪ್ಪಲಿಕ್ಕಿಲ್ಲ. ದಿನಕ್ಕೆ ಹತ್ತಾರು ಪುಟ ಟೈಪ್ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಲೇಖನ ಚಿಹ್ನೆಗಳ ವಿಷಯ ಚಿಕ್ಕದು, ಆದರೆ ಸಂಭಾಷಣೆ ತುಂಬಿದ ಹಸ್ತಪ್ರತಿಯಲ್ಲಿ ಕಿರಿಕಿರಿ ಮಾಡುತ್ತದೆ. ಉದ್ಧರಣ ಚಿಹ್ನೆಯ ಕೀಲಿಯನ್ನು ಟ, ಠ ತೆಗೆದುಕೊಂಡಿವೆ. ಅರ್ಧವಿರಾಮದ್ದನ್ನು ಚ, ಛ ತೆಗೆದುಕೊಂಡಿವೆ. ಪ್ರತಿ ಮಾತಿಗೂ ಇಂಗ್ಲಿಷ್‌ಗೆ ಹೋಗಿ ಬರುವುದರ ಬದಲು, ಕರಡಿನಲ್ಲಿ ಉದ್ಧರಣ ಚಿಹ್ನೆ ಬರಬೇಕಾದ ಕಡೆ ಎರಡೆರಡು ಆವರಣ ಹಾಕಿಕೊಂಡು ಹೋಗುತ್ತೇನೆ. ಆವರಣಗಳು ಶಿಫ್ಟ್ 9 ಮತ್ತು 0 ಮೇಲೆ ಹಾಗೇ ಉಳಿದಿವೆ. ಕೊನೆಯಲ್ಲಿ ಒಟ್ಟಿಗೆ ಬದಲಾಯಿಸಿದರೆ ಮುಗಿಯಿತು.

ಇನ್ನು ಎಕಾರ, ಒಕಾರಗಳ ಮಾತು. ಇಲ್ಲಿ ಕನ್ನಡಕ್ಕೆ ನಿಜವಾಗಿ ಅನ್ಯಾಯವಾಗಿದೆ ಎಂದು ನನಗನ್ನಿಸುತ್ತದೆ. ಹಿಂದಿಯಲ್ಲಿ ಹ್ರಸ್ವ ಎ, ಹ್ರಸ್ವ ಒ ಬೇರೆಯಾಗಿ ಇಲ್ಲ. ಎಲ್ಲ ಲಿಪಿಗಳಿಗೂ ಒಂದೇ ಚೌಕಟ್ಟು ಎಂದು ಹೊರಟಾಗ s ಮತ್ತು a ಎಂಬ ಒಳ್ಳೆಯ ಜಾಗಗಳು ಏ, ಓಗಳಿಗೆ ಸಂದವು. ಹ್ರಸ್ವ ಎ, ಒ ಇರುವ ದ್ರಾವಿಡ ಭಾಷೆಗಳಿಗೆ ಉಳಿದದ್ದು ಮೂಲೆಗಳು. ಎಕಾರ z ಮೇಲಿದೆ, ಅಂದರೆ ಕಿರುಬೆರಳು ಕೆಳಸಾಲಿಗೆ ಮಡಿಚಿಕೊಳ್ಳಬೇಕು. ಹ್ರಸ್ವ ದೀರ್ಘಗಳ ಜೋಡಿಯೂ ಇಲ್ಲಿಲ್ಲ, ಎಕಾರದ ನೇರ ಮೇಲೆ ಕೂತಿರುವುದು ಓಕಾರ. ನಮ್ಮಲ್ಲಿ ‘ಮನೆಗೆ’, ‘ಊರಿಗೆ’, ‘ಕೆಲಸಕ್ಕೆ’ ಎಂದು ಚತುರ್ಥಿ ವಿಭಕ್ತಿ ಮುಗಿಯುವುದೇ ಎಕಾರದಲ್ಲಿ. ‘ಮನೆಗೆ’ ಅಂದರೆ c v z i z, ಎರಡು ಸಲ ಆ ಮೂಲೆ. ಒಕಾರ ಇನ್ನೂ ದೂರ, ಅಂಕಿ 1ರ ಎಡಕ್ಕಿರುವ ತುದಿಯ ಕೀಲಿ. ಬಿಡಿ ಒ ಬೇಕಾದರೆ ಅದರ ಮೇಲೆ ಶಿಫ್ಟ್. ‘ಒಂದೊಂದು’ ಬರೆಯುವಾಗ ಕಿರುಬೆರಳು ಎರಡು ಸಲ ಆ ತುದಿಗೆ ಹೋಗಿ ಬರಬೇಕು.

ಈ ದೂರವನ್ನು ತಪ್ಪಿಸಿಕೊಳ್ಳಲು ಹಲವರು ಒಂದು ಒಳದಾರಿ ಹಿಡಿಯುತ್ತಾರೆ. ಕಾಗದದ ಮೇಲೆ ‘ಕೊ’ ಬರೆಯುವಾಗ ಎತ್ವದ ಜೊತೆ ಊಕಾರದ ಕೊಂಬು ಸೇರಿಸುತ್ತೇವಲ್ಲ, ಹಾಗೆಯೇ k z t ಒತ್ತುತ್ತಾರೆ. ಪರದೆಯ ಮೇಲೆ ‘ಕೊ’ ಎಂದೇ ಕಾಣುತ್ತದೆ. ಮುದ್ರಣದಲ್ಲೂ ವ್ಯತ್ಯಾಸವಿಲ್ಲ. ಆದರೆ ಒಳಗೆ ಕೂತಿರುವುದು ಒಕಾರವಲ್ಲ, ಎಕಾರ ಮತ್ತು ಊಕಾರ ಎಂಬ ಎರಡು ಚಿಹ್ನೆಗಳು. ಯುನಿಕೋಡ್‌ನಲ್ಲಿ ಒಕಾರದ ಸಂಕೇತ 0CCA, ಈ ಜೋಡಿಯದು 0CC6 ಮತ್ತು 0CC2. ಎರಡೂ ಸಮಾನ ಎಂದು ಯುನಿಕೋಡ್ ಹೇಳುತ್ತದೆ ನಿಜ, ಆದರೆ ಹುಡುಕುವ ತಂತ್ರಾಂಶಗಳೆಲ್ಲ ಆ ಸಮಾನತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನನ್ನ ಕೈಗೆ ಒಮ್ಮೆ ಇಬ್ಬರು ಹಂಚಿಕೊಂಡು ಟೈಪ್ ಮಾಡಿದ ಕಡತ ಬಂತು. ‘ಕೊಡಗು’ ಎಂದು ಹುಡುಕಿದರೆ ಮೊದಲರ್ಧದ ಅಧ್ಯಾಯಗಳಲ್ಲಿ ಮಾತ್ರ ಸಿಗುತ್ತಿತ್ತು. ಎರಡನೆಯ ಅರ್ಧದಲ್ಲಿ ಪದ ಕಣ್ಣೆದುರಿಗೇ ಇದ್ದರೂ ಹುಡುಕಾಟಕ್ಕೆ ಸಿಗದು. ಪತ್ತೆ ಮಾಡಲು ಸುಲಭದ ದಾರಿ ಇದೆ. ಅನುಮಾನದ ‘ಕೊ’ ಮುಂದೆ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒಂದು ಸಲ ಒತ್ತಬೇಕು. ಸಾಮಾನ್ಯವಾಗಿ ಬ್ಯಾಕ್‌ಸ್ಪೇಸ್ ಒಂದು ಸಲಕ್ಕೆ ಒಂದು ಸಂಕೇತವನ್ನು ಅಳಿಸುತ್ತದೆ. ‘ಕ’ ಉಳಿದರೆ ಅದು ನಿಜವಾದ ಒಕಾರ. ‘ಕೆ’ ಉಳಿದರೆ ಜೋಡಿಸಿದ್ದು. ಆ ಕಡತದ ಎರಡನೆಯ ಅರ್ಧದಲ್ಲಿ ಉಳಿದದ್ದು ‘ಕೆ’. ಪೂರ್ತಿ ಕಡತವನ್ನು ಸರಿಪಡಿಸಲು ಪೈಥಾನ್‌ನಲ್ಲಿ ಎರಡು ಸಾಲು ಸಾಕಾಯಿತು. ಇಲ್ಲಿ s ಎಂದರೆ ಕಡತದ ಪಠ್ಯ:

```
import unicodedata
s = unicodedata.normalize("NFC", s)
```

ಇದು ಎಕಾರ ಊಕಾರಗಳ ಜೋಡಿಯನ್ನು ಒಂದೇ ಒಕಾರವಾಗಿ ಕೂಡಿಸಿಬಿಡುತ್ತದೆ. ಪರದೆಯಲ್ಲಿ ಏನೂ ಬದಲಾಗದು, ಹುಡುಕಾಟ ಮಾತ್ರ ಸರಿಹೋಗುತ್ತದೆ. ನುಡಿಯ ವಿನ್ಯಾಸದಲ್ಲಿ ಯುನಿಕೋಡ್ ಟೈಪ್ ಮಾಡುವವರಿಗೆ o ಕೈಗೆಟಕುವಲ್ಲೇ ಇರುವುದರಿಂದ ಇಂಥ ಒಳದಾರಿ ಬೇಕಾಗುವುದೇ ಇಲ್ಲ.

ಈಗ ಹಸ್ತಪ್ರತಿ ಕೆಲಸವನ್ನೆಲ್ಲ ಇನ್‌ಸ್ಕ್ರಿಪ್ಟ್‌ನಲ್ಲೇ ಮಾಡುತ್ತೇನೆ. ತೋರುಬೆರಳಿನ ಬಿಗಿತ ಹೋಗಿದೆ. ಹಳೆಯ ನುಡಿ ಕಡತಗಳನ್ನು ಅಲ್ಲಲ್ಲಿ ತಿದ್ದುವಾಗ ಮಾತ್ರ ಧ್ವನ್ಯಾತ್ಮಕ ವಿನ್ಯಾಸಕ್ಕೆ ಹೋಗುತ್ತೇನೆ, ಆದರೆ ಒಂದೇ ಹೊತ್ತಿನಲ್ಲಿ ಎರಡನ್ನೂ ಬೆರೆಸುವುದಿಲ್ಲ. ಬೆರೆಸಿದ ದಿನ d ಮತ್ತು f ಮತ್ತೆ ಅದಲುಬದಲಾಗುತ್ತವೆ. ಎಕಾರದ z ಗೆ ಕಿರುಬೆರಳು ಒಗ್ಗಿಕೊಂಡಿದೆ. ಒಕಾರಕ್ಕೆ ಕಿರುಬೆರಳಿನ ಬದಲು ಉಂಗುರ ಬೆರಳನ್ನು ಚಾಚುತ್ತೇನೆ, ಆಗ ಕೈ ಕಡಿಮೆ ತಿರುಗುತ್ತದೆ. z t ಒಳದಾರಿಯನ್ನು ನಾನು ಹಿಡಿಯುವುದಿಲ್ಲ, ನನ್ನ ಜೊತೆ ಕಡತ ಹಂಚಿಕೊಳ್ಳುವವರಿಗೂ ಕೆಲಸ ಶುರುವಾಗುವ ಮೊದಲೇ ಇದನ್ನು ತಿಳಿಸಿರುತ್ತೇನೆ.